ಕಾಪಾಡಲು ಓಡಿದವನಿಗೇ ಪೆಟ್ಟಾದರೆ ಪರಿಹಾರ ಕೊಡುವುದು ಯಾರು?

ಹೆದ್ದಾರಿ ಬದಿಯ ನಮ್ಮ ಊರುಗಳಲ್ಲಿ ಬೈಕ್ ಬಿದ್ದ ಸದ್ದು ಕೇಳಿದರೆ ಮೊದಲು ಓಡುವುದು ಹೋಟೆಲಿನ, ಮೀನಿನ ಅಂಗಡಿಯ, ರಿಕ್ಷಾ ಸ್ಟ್ಯಾಂಡಿನ ಹುಡುಗರು. ಬಿದ್ದವನನ್ನು ಎತ್ತುವಾಗ ಹಿಂದಿನಿಂದ ಬಂದ ಟೆಂಪೋ ಆ ಹುಡುಗನಿಗೇ ಬಡಿದರೆ? ಆಸ್ಪತ್ರೆಯಲ್ಲಿ ಉಮ್ಮ ಕೇಳುವುದು ಒಂದೇ ಮಾತು, "ನಿನ್ನನ್ನು ರೋಡಿಗೆ ಇಳಿಲಿಕ್ಕೆ ಯಾರು ಹೇಳಿದ್ದು ಮೋನೆ?" ಮುಂದೆ ಕೋರ್ಟಿನಲ್ಲಿ ವಿಮಾ ಕಂಪೆನಿಯ ವಕೀಲರೂ ಇದನ್ನೇ ಕೇಳುತ್ತಾರೆ. ಉಮ್ಮನದು ಸಂಕಟ, ವಕೀಲರದು ಲೆಕ್ಕ. ತಾನಾಗಿ ಅಪಾಯಕ್ಕೆ ಹೋದವನದ್ದೂ ಅರ್ಧ ತಪ್ಪು, ಆದ್ದರಿಂದ ಪರಿಹಾರವೂ ಅರ್ಧ ಎಂಬ ಲೆಕ್ಕ.

ಈ ವಾದಕ್ಕೆ ಉತ್ತರ ಸಿಕ್ಕಿ ಸುಮಾರು ತೊಂಬತ್ತು ವರ್ಷವಾಯಿತು. ಲಂಡನಿನ ಒಂದು ಬೀದಿಯಲ್ಲಿ ಚಾಲಕ ಕುದುರೆಗಾಡಿಯನ್ನು ಹಾಗೇ ಬಿಟ್ಟು ಹೋಗಿದ್ದ. ಯಾರೋ ಹುಡುಗ ಕಲ್ಲೆಸೆದ, ಕುದುರೆಗಳು ಬೆದರಿ ಓಡಿದವು. ದಾರಿಯಲ್ಲಿ ಹೆಂಗಸರು, ಮಕ್ಕಳು. ಠಾಣೆಯೊಳಗಿದ್ದ ಪೊಲೀಸ್ ಕಾನ್‌ಸ್ಟೇಬಲ್ ಹೊರಗೆ ಓಡಿ ಬಂದು ಕುದುರೆಗಳನ್ನು ತಡೆದ, ತಾನು ಪೆಟ್ಟು ತಿಂದ. ಅಪಾಯಕ್ಕೆ ಅವನೇ ಒಪ್ಪಿ ಹೋದದ್ದಲ್ಲವೇ ಎಂದು ಗಾಡಿಯವರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಜನ ಓಡಾಡುವ ಬೀದಿಯಲ್ಲಿ ಅಪಾಯ ಮಾಡಿಟ್ಟವನಿಗೆ, ಅದನ್ನು ತಡೆಯಲು ಯಾರಾದರೂ ಬಂದೇ ಬರುತ್ತಾರೆ ಎಂದು ಗೊತ್ತಿರಬೇಕು. ಹಾಗಾಗಿ ಕಾಪಾಡಲು ಬಂದವನ ಗಾಯವೂ ಅದೇ ತಪ್ಪಿನ ಫಲ. ಹೇನ್ಸ್ ಮತ್ತು ಹಾರ್ವುಡ್ ನಡುವಿನ ಈ ಮೊಕದ್ದಮೆ ಇವತ್ತಿಗೂ ಕಾನೂನು ಕಾಲೇಜುಗಳ ಪಾಠ.

ಇದಕ್ಕೆ ಒಂದು ಮಿತಿಯೂ ಇದೆ. ಅದೇ ಕಾಲದ ಇನ್ನೊಂದು ಪ್ರಕರಣದಲ್ಲಿ ಹಾಲಿನ ಗಾಡಿಯ ಕುದುರೆ ಓಡಿಹೋಗಿ ಒಂದು ಗದ್ದೆ ಸೇರಿತ್ತು. ಅಲ್ಲಿ ಯಾರಿಗೂ ಅಪಾಯ ಇರಲಿಲ್ಲ. ಅದನ್ನು ಹಿಡಿಯಲು ನೆರವಾಗಲು ಹೋಗಿ ಗಾಯಗೊಂಡವನಿಗೆ ಪರಿಹಾರ ಸಿಗಲಿಲ್ಲ. ಜೀವಕ್ಕೆ ನಿಜವಾದ ಅಪಾಯ ಇತ್ತೇ, ಆ ಗಳಿಗೆಯಲ್ಲಿ ಬೇರೆಯವರೂ ಹಾಗೆಯೇ ಓಡುತ್ತಿದ್ದರೇ ಎಂದು ಕೋರ್ಟು ನೋಡುತ್ತದೆ. ನೆತ್ತರು ಸುರಿಯುತ್ತಿರುವವನನ್ನು ಎತ್ತುವುದು ಬೇರೆ, ಆಂಬ್ಯುಲೆನ್ಸ್ ಹೋದ ಮೇಲೆ ರಸ್ತೆ ಮಧ್ಯೆ ನಿಂತು ವಿಡಿಯೋ ಮಾಡುವುದು ಬೇರೆ.

ಈಗ ನಮ್ಮ ಹುಡುಗನ ಲೆಕ್ಕ ಮಾಡುವ. ಕಾರೊಂದು ಬೈಕಿಗೆ ಬಡಿದಿದೆ, ಸವಾರ ರಸ್ತೆಯಲ್ಲಿ ಬಿದ್ದಿದ್ದಾನೆ. ಎತ್ತಲು ಓಡಿದ ಹುಡುಗನಿಗೆ ವೇಗವಾಗಿ ಬಂದ ಟೆಂಪೋ ಬಡಿದು ಕಾಲು ಮುರಿದಿದೆ. ಚಿಕಿತ್ಸೆ, ದುಡಿಮೆಯ ನಷ್ಟ, ಮುಂದೆ ಉಳಿಯುವ ಊನ ಎಲ್ಲ ಸೇರಿ 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧ ತಪ್ಪು ಅವನದೇ ಎಂದಾದರೆ ಸಿಗುವುದು 4 ಲಕ್ಷ. ಕಾಪಾಡಲು ಹೋದದ್ದು ತಪ್ಪಲ್ಲ ಎಂದಾದರೆ ಪೂರ್ತಿ 8 ಲಕ್ಷ. ಹೋದದ್ದು ಸರಿ, ಆದರೆ ಹೋದ ರೀತಿಯಲ್ಲಿ ತೀರಾ ಅಜಾಗ್ರತೆ ಇತ್ತು ಎಂದು ಸಾಬೀತಾದರೆ ಮಾತ್ರ ಸ್ವಲ್ಪ ಕಡಿತ ಆಗಬಹುದು. ಅದಕ್ಕೂ ಗಡಿಬಿಡಿಯಲ್ಲಿ ಓಡಿದವನನ್ನು, ಕೂತು ಯೋಚಿಸಲು ಸಮಯ ಇದ್ದವನಂತೆ ಅಳೆಯುವ ಹಾಗಿಲ್ಲ.

ಹಣ ಕೇಳಬೇಕಾದ್ದು ಟೆಂಪೋದವರಿಂದ ಮಾತ್ರ ಅಲ್ಲ. ಮೊದಲ ಅಪಾಯ ಮಾಡಿದ ಕಾರಿನ ಮಾಲಕ ಮತ್ತು ಅದರ ವಿಮಾ ಕಂಪೆನಿಯನ್ನೂ ಅರ್ಜಿಯಲ್ಲಿ ಸೇರಿಸಬೇಕು. ಎರಡು ವಾಹನಗಳ ತಪ್ಪು ಕೂಡಿದ್ದರೆ ಗಾಯಾಳು ಯಾರೊಬ್ಬರಿಂದಲೂ ಪೂರ್ತಿ ಹಣ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಟೆಂಪೋಗೆ ವಿಮೆಯೇ ಇಲ್ಲದಿದ್ದರೆ ಇದರ ಬೆಲೆ ಗೊತ್ತಾಗುತ್ತದೆ.

ಇಲ್ಲಿ ಒಂದು ಗೊಂದಲ ತುಂಬ ಜನರಿಗಿದೆ. ನೆರವಾದವನ ಮೇಲೆ ಕೇಸು ಹಾಕುವಂತಿಲ್ಲ, ಪೊಲೀಸರು ಅವನ ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂಬ ರಕ್ಷಣೆ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಮೂಲಕ ಬಂದಿದೆ. ಆದರೆ ಅದು ಅವನ ಸ್ವಂತ ಗಾಯಕ್ಕೆ ಹಣ ಕೊಡುವ ಸೆಕ್ಷನ್ ಅಲ್ಲ. ಅದಕ್ಕೆ 166ನೇ ಸೆಕ್ಷನ್‌ನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೇ ಹೋಗಬೇಕು. ಹೆಸರು ಹೇಳದೆ ಇರುವ ಹಕ್ಕು ಪೆಟ್ಟಾಗದವನಿಗೆ ಒಳ್ಳೆಯದು. ಪೆಟ್ಟಾದವನು ಹೆಸರು ಬರೆಸಲೇಬೇಕು.

ಕೇಸು ಕೆಡುವುದು ಹೆಚ್ಚಾಗಿ ಇಲ್ಲೇ. ಎಫ್‌ಐಆರ್‌ನಲ್ಲಿ ಬೈಕ್ ಸವಾರನ ಗಾಯ ಮಾತ್ರ ಇರುತ್ತದೆ, ನಮ್ಮ ಹುಡುಗ ಬರೀ ಸಾಕ್ಷಿ ಆಗಿಬಿಡುತ್ತಾನೆ. ಆಸ್ಪತ್ರೆಗೆ ಕರೆತಂದವರು ಅವಸರದಲ್ಲಿ "ಬಿದ್ದದ್ದು" ಅಂತ ಹೇಳಿದರೆ ಚೀಟಿಯಲ್ಲೂ ಹಾಗೇ ಬರುತ್ತದೆ. ಎರಡನೇ ಡಿಕ್ಕಿ ಆದದ್ದು, ಟೆಂಪೋದ ನಂಬರು, ಅವನು ಗಾಯಾಳುವನ್ನು ಎತ್ತುತ್ತಿದ್ದದ್ದು, ಈ ಮೂರೂ ಪೊಲೀಸ್ ಹೇಳಿಕೆಯಲ್ಲಿ ಬರಬೇಕು. ಆಸ್ಪತ್ರೆಯ ಮೊದಲ ಬರಹದಲ್ಲಿ ವಾಹನ ಬಡಿದದ್ದೆಂದು ಇರಬೇಕು. ಬೈಕ್ ಸವಾರ ಬದುಕಿದ್ದರೆ ಅವನ ಸಾಕ್ಷ್ಯಕ್ಕಿಂತ ದೊಡ್ಡದು ಬೇರೆ ಇಲ್ಲ. ಅವನ ಮನೆಯವರ ನಂಬರ್ ತೆಗೆದಿಟ್ಟುಕೊಳ್ಳಿ. ಅರ್ಜಿ ಹಾಕಲು ಕಾಯ್ದೆ ಕೊಟ್ಟಿರುವುದು ಅಪಘಾತದ ದಿನದಿಂದ 6 ತಿಂಗಳು. ಪ್ಲಾಸ್ಟರ್ ತೆಗೆದ ಮೇಲೆ ನೋಡುವ ಎಂದು ಕೂರಬೇಡಿ. ಅಪಘಾತ ನಡೆದದ್ದು ಬೇರೆ ಜಿಲ್ಲೆಯಲ್ಲಾದರೂ ನಮ್ಮ ವಾಸದ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲಿಕ್ಕೆ ಆಗುತ್ತದೆ.