ರೈತನಿಗೆ ಅಪಘಾತವಾದರೆ ಸಿಗುವ ಸರಕಾರಿ ಸಹಾಯ: ಅರ್ಜಿಯ ಕ್ರಮ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಈ ತಾಲ್ಲೂಕುಗಳ ನಮ್ಮ ರೈತ ಬಾಂಧವರು ಮನೆಯಲ್ಲಿ ಕನ್ನಡ ಆಡಿದರೂ ಅವರ ಹೊಲದ ಉತಾರ, ಕಚೇರಿಯ ಅರ್ಜಿ, ಸರಕಾರದ ಆಜ್ಞೆ ಎಲ್ಲವೂ ಮರಾಠಿಯಲ್ಲಿರುತ್ತವೆ. ಹೀಗಾಗಿ ನಮಗೆ ಸಲ್ಲಬೇಕಾದ ಒಂದು ಸಹಾಯದ ಸುದ್ದಿ ಅನೇಕರ ಕಿವಿಗೆ ತಡವಾಗಿ ಬೀಳುತ್ತದೆ. ಅದರ ಹೆಸರು ಗೋಪೀನಾಥ ಮುಂಡೆ ಶೇತಕರಿ ಅಪಘಾತ ಸುರಕ್ಷಾ ಸಾನುಗ್ರಹ ಅನುದಾನ ಯೋಜನೆ. ಹೆಸರು ಉದ್ದವಾದರೂ ವಿಷಯ ಸರಳವಾಗಿದೆ. ರೈತನು ಅಪಘಾತದಿಂದ ಮರಣ ಹೊಂದಿದರೆ ಮಹಾರಾಷ್ಟ್ರ ಸರಕಾರ ಅವನ ವಾರಸುದಾರರಿಗೆ 2 ಲಕ್ಷ ರೂಪಾಯಿ ಕೊಡುತ್ತದೆ. ಎರಡು ಕಣ್ಣು, ಎರಡು ಕೈಕಾಲು, ಅಥವಾ ಒಂದು ಕಣ್ಣು ಮತ್ತು ಒಂದು ಕೈ ಇಲ್ಲವೆ ಕಾಲು ಹೋದರೂ 2 ಲಕ್ಷ. ಒಂದೇ ಕಣ್ಣು ಅಥವಾ ಒಂದೇ ಕೈ, ಕಾಲು ಹೋದರೆ 1 ಲಕ್ಷ. ಇದಕ್ಕಾಗಿ ರೈತನು ಮೊದಲೇ ಯಾವ ಕಂತನ್ನೂ ಕಟ್ಟಬೇಕಾಗಿಲ್ಲ.

ಮೊದಲು ಇದು ವಿಮೆಯ ಯೋಜನೆಯಾಗಿತ್ತು. ಸರಕಾರಕ್ಕೂ ರೈತನಿಗೂ ನಡುವೆ ವಿಮಾ ಕಂಪನಿ ಇತ್ತು. 2023ರ ಏಪ್ರಿಲ್ ತಿಂಗಳ ಆಜ್ಞೆಯಿಂದ ಕಂಪನಿಯನ್ನು ತೆಗೆದುಹಾಕಿ, ಸರಕಾರವೇ ನೇರವಾಗಿ ಅನುದಾನ ಕೊಡುವಂತೆ ಮಾಡಲಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ದಲಾಲರ ವಿಷಯ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಯಾರಿಗೆ ಸಿಗುತ್ತದೆ?

ವಯಸ್ಸು 10ರಿಂದ 75ರ ಒಳಗಿರಬೇಕು. ಸಾತ್‌ಬಾರಾ ಉತಾರದಲ್ಲಿ ಹೆಸರಿರುವ ಖಾತೇದಾರನಿಗೆ ಹಕ್ಕಿದೆ. ಅವನಲ್ಲದೆ, ಉತಾರದಲ್ಲಿ ಹೆಸರಿಲ್ಲದ ಮನೆಯ ಇನ್ನೊಬ್ಬರಿಗೂ, ಅಂದರೆ ತಾಯಿ, ತಂದೆ, ಗಂಡ ಅಥವಾ ಹೆಂಡತಿ, ಮಗ, ಮದುವೆಯಾಗದ ಮಗಳು ಇವರಲ್ಲಿ ಒಬ್ಬರಿಗೆ ಹಕ್ಕಿದೆ. ಹೊಲ ತಂದೆಯ ಹೆಸರಿನಲ್ಲಿದ್ದು ದುಡಿಯುವವನು ಮಗನಾಗಿದ್ದರೆ, 'ಉತಾರದಲ್ಲಿ ಹೆಸರಿಲ್ಲ, ನಮಗೇನು ಸಿಕ್ಕೀತು' ಎಂದು ಸುಮ್ಮನೆ ಕೂಡಬಾರದು.

ಹಾವು ಕಚ್ಚುವುದು, ಸಿಡಿಲು, ವಿದ್ಯುತ್ತಿನ ಹೊಡೆತ, ಬಾವಿಯಲ್ಲಿ ಮುಳುಗುವುದು, ಔಷಧ ಹೊಡೆಯುವಾಗ ವಿಷವೇರುವುದು, ಮರದ ಮೇಲಿಂದ ಬೀಳುವುದು, ರಸ್ತೆಯ ಅಪಘಾತ ಇವೆಲ್ಲ ಯೋಜನೆಯಲ್ಲಿ ಬರುತ್ತವೆ. ಬೇನೆಯಿಂದಾದ ಸಹಜ ಮರಣ, ಆತ್ಮಹತ್ಯೆ, ಮದ್ಯದ ಅಮಲಿನಲ್ಲಾದ ಅಪಘಾತ ಬರುವುದಿಲ್ಲ.

ಒಂದು ಉದಾಹರಣೆ

ಒಬ್ಬ ತರುಣನು ರಾತ್ರಿ ಜೋಳಕ್ಕೆ ನೀರು ಹಾಯಿಸಲು ಹೋಗಿದ್ದಾನೆ ಎಂದು ಭಾವಿಸೋಣ. ಹೊಲ ತಂದೆಯ ಹೆಸರಿನಲ್ಲಿದೆ. ಹಾವು ಕಚ್ಚಿತು, ಸೊಲ್ಲಾಪುರದ ಸರಕಾರಿ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಮನೆಯಲ್ಲಿ ಹೆಂಡತಿ, ಒಂದು ಮಗು, ತಂದೆತಾಯಿ ಇದ್ದಾರೆ.

ಇಂಥ ಸಮಯದಲ್ಲಿ ಹಿರಿಯರು 'ಹೆಣವನ್ನು ಕೊಯ್ಯಿಸುವುದು ಬೇಡ, ಪೋಲೀಸರ ಗೊಡವೆಯೂ ಬೇಡ, ಬೇಗ ಮಣ್ಣು ಮಾಡೋಣ' ಎನ್ನುತ್ತಾರೆ. ದುಃಖದಲ್ಲಿ ಅದು ಸಹಜವೇ. ಆದರೆ ಬಹಳ ಅರ್ಜಿಗಳು ಕೆಡುವುದು ಇಲ್ಲಿಯೇ. ಮರಣ ಅಪಘಾತದಿಂದಲೇ ಆಯಿತೆಂಬುದಕ್ಕೆ ಪೋಲೀಸರ ಪಂಚನಾಮೆ ಮತ್ತು ಶವಪರೀಕ್ಷೆಯ ವರದಿಯೇ ಸಾಕ್ಷಿ. ಮಣ್ಣಾದ ಬಳಿಕ ಈ ಎರಡನ್ನೂ ಹುಟ್ಟಿಸಲು ಬಾರದು. ಆದಕಾರಣ ಮೊದಲು ಪೋಲೀಸ್ ಪಾಟೀಲರಿಗೆ ತಿಳಿಸಬೇಕು, ಅವರ ಮೂಲಕ ಠಾಣೆಗೆ ವರದಿ ಹೋಗಬೇಕು, ಶವಪರೀಕ್ಷೆ ಆಗಬೇಕು. ಹಾವು, ಚೇಳು ಕಚ್ಚಿದವನು ಚಿಕಿತ್ಸೆಗೆ ಮೊದಲೇ ತೀರಿಕೊಂಡು ಶವಪರೀಕ್ಷೆ ಆಗದಿದ್ದರೆ, ವೈದ್ಯಾಧಿಕಾರಿಯ ಪ್ರಮಾಣಪತ್ರದ ಮೇಲೆ ವಿನಾಯತಿ ಇದೆ. ಅದಕ್ಕಾದರೂ ವೈದ್ಯರು ನೋಡಿರಲೇಬೇಕು.

ಅಪಘಾತದ ಸುದ್ದಿ ತಲುಪಿದ ಮೇಲೆ ಕಂದಾಯ, ಪೋಲೀಸ್, ಕೃಷಿ ಈ ಮೂರು ಇಲಾಖೆಯವರು ಸ್ಥಳಕ್ಕೆ ಬಂದು ನೋಡಿ, 8 ದಿನಗಳಲ್ಲಿ ತಹಸೀಲದಾರರಿಗೆ ವರದಿ ಕೊಡಬೇಕೆಂದು ನಿಯಮವಿದೆ. ಅದಕ್ಕಾಗಿ ತಲಾಟಿಗೂ ಕೃಷಿ ಸಹಾಯಕರಿಗೂ ಅದೇ ವಾರ ತಿಳಿಸಬೇಕು. ತಲಾಟಿಯ ಹುದ್ದೆಗೆ ಈಗ ಗ್ರಾಮ ಮಹಸೂಲ ಅಧಿಕಾರಿ ಎಂಬ ಹೆಸರಾಗಿದೆ, ಕೆಲಸ ಅದೇ.

ಕಾಗದಪತ್ರಗಳು

ಈ ಮನೆಯವರು ಕೂಡಿಸಬೇಕಾದ ಕಾಗದಗಳು ಇವು:

1. ತಂದೆಯ ಹೆಸರಿನ ಸಾತ್‌ಬಾರಾ ಉತಾರ, ಮತ್ತು ಮಗನು ಅದೇ ಮನೆಯವನೆಂದು ತೋರಿಸುವ ರೇಷನ್ ಕಾರ್ಡು.
2. ಮರಣದ ದಾಖಲೆ. ಮರಣ ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ ಆಗುತ್ತದೆ. ಈ ಉದಾಹರಣೆಯಲ್ಲಿ ಅದು ಸೊಲ್ಲಾಪುರ ಮಹಾನಗರಪಾಲಿಕೆಯಲ್ಲಿ ಸಿಗುತ್ತದೆ. ಊರ ಪಂಚಾಯಿತಿಯಲ್ಲಿ ಕೇಳುತ್ತ ದಿನ ಕಳೆಯಬಾರದು.
3. ತಲಾಟಿಯಿಂದ ವಾರಸುದಾರರ ನೋಂದಣಿ, ಅಂದರೆ ಗಾವ್ ನಮುನಾ 6-ಕ.
4. ವಯಸ್ಸಿನ ಆಧಾರ: ಶಾಲೆ ಬಿಟ್ಟ ದಾಖಲೆ, ಆಧಾರ ಕಾರ್ಡು ಅಥವಾ ಮತದಾರರ ಚೀಟಿ.
5. ಪೋಲೀಸ್ ವರದಿ, ಪಂಚನಾಮೆ, ಶವಪರೀಕ್ಷೆಯ ವರದಿ. ರಸ್ತೆಯ ಅಪಘಾತದಲ್ಲಿ ತೀರಿಕೊಂಡವನೇ ಗಾಡಿ ನಡೆಸುತ್ತಿದ್ದರೆ ಅವನ ಲೈಸೆನ್ಸು ಕೂಡ.
6. ಹಣ ಪಡೆಯುವವರ ಬ್ಯಾಂಕ್ ಪುಸ್ತಕ ಮತ್ತು ಆಧಾರ.

ಹಣ ಪಡೆಯುವವರು ಯಾರೆಂಬುದಕ್ಕೂ ಕ್ರಮವಿದೆ. ಮೊದಲ ಹಕ್ಕು ಹೆಂಡತಿಯದು (ತೀರಿಕೊಂಡವಳು ಹೆಣ್ಣುಮಗಳಾದರೆ ಗಂಡನದು). ಅವಳ ನಂತರ ಮದುವೆಯಾಗದ ಮಗಳು, ತಾಯಿ, ಮಗ, ತಂದೆ ಹೀಗೆ. ಹೊಲ ಮಾವನ ಹೆಸರಿನಲ್ಲಿದ್ದರೂ ಈ ಹಣ ಸೊಸೆಯ ಹೆಸರಿಗೇ ಬರುತ್ತದೆ. ಅವಳಿಗೆ ಸ್ವಂತ ಖಾತೆ ಇಲ್ಲದಿದ್ದರೆ ತಡಮಾಡದೆ ತೆರೆದು ಆಧಾರ ಜೋಡಿಸಬೇಕು.

ಹೆಸರಿನ ಅಕ್ಷರಗಳನ್ನೂ ನೋಡಿಕೊಳ್ಳಿರಿ. ನಮ್ಮ ಕನ್ನಡ ಹೆಸರುಗಳು ಮರಾಠಿ ಉತಾರದಲ್ಲಿ ಬೇರೆ ರೂಪ ತಾಳುತ್ತವೆ. ಆಧಾರದಲ್ಲಿ ಶರಣಬಸಪ್ಪ ಎಂದಿದ್ದವನು ಉತಾರದಲ್ಲಿ ಶರಣಪ್ಪಾ ಆಗಿರುತ್ತಾನೆ. ಹಾಗಿದ್ದರೆ ಎರಡೂ ಒಬ್ಬನದೇ ಹೆಸರೆಂಬ ಪ್ರತಿಜ್ಞಾಪತ್ರವನ್ನು ಅರ್ಜಿಯೊಡನೆಯೇ ಕೊಡುವುದು ಲೇಸು.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ?

ತಾಲ್ಲೂಕಿನ ಕೃಷಿ ಅಧಿಕಾರಿಯ ಕಚೇರಿಯಲ್ಲಿ, ಅಪಘಾತವಾದ 30 ದಿನಗಳ ಒಳಗೆ. ಜಾತ್ರೆ, ತಿಥಿ, ಸೂತಕ ಎಂದು ದಿನ ತಳ್ಳಿದರೆ ತಿಂಗಳು ಮುಗಿದದ್ದೇ ತಿಳಿಯುವುದಿಲ್ಲ. ಯಾವುದಾದರೊಂದು ಕಾಗದ ಇನ್ನೂ ಬಾರದಿದ್ದರೆ, ಇದ್ದವುಗಳೊಡನೆ ಅರ್ಜಿ ಕೊಟ್ಟು, ಉಳಿದದ್ದು ಹಿಂದಿನಿಂದ ಕೊಡುವೆವೆಂದು ಅದರಲ್ಲಿಯೇ ಬರೆಯಿರಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸಿಕ್ಕೆ ಮತ್ತು ತಾರೀಖು ಹಾಕಿಸಿಕೊಂಡೇ ಮನೆಗೆ ಬನ್ನಿರಿ. ಕಂಪ್ಯೂಟರಿನಲ್ಲಿ ತುಂಬಲು ಹೇಳಿದರೆ ಅದರ ಪೋಚಪಾವತಿ ತೆಗೆದುಕೊಳ್ಳಿರಿ. ತಹಸೀಲದಾರರ ಸಮಿತಿ ಅರ್ಜಿಯ ನಿರ್ಣಯ ಮಾಡುತ್ತದೆ; ಹಣ ನೇರವಾಗಿ ಖಾತೆಗೆ ಬರುತ್ತದೆ.

ದಲಾಲರ ವಿಷಯ

ಮರಣದ ಸುದ್ದಿ ಹಬ್ಬಿದ ಕೂಡಲೆ ಒಬ್ಬನು ಮನೆಗೆ ಬರುತ್ತಾನೆ. 'ವಿಮಾ ಕಂಪನಿಯಲ್ಲಿ ನನ್ನ ಪರಿಚಯವಿದೆ, ಅರ್ಧ ಕೊಟ್ಟರೆ ಮಾಡಿಸಿಕೊಡುತ್ತೇನೆ' ಎನ್ನುತ್ತಾನೆ. ಮೇಲೆ ಹೇಳಿದಂತೆ 2023ರಿಂದ ಇದರಲ್ಲಿ ವಿಮಾ ಕಂಪನಿಯೇ ಇಲ್ಲ. ಆದುದರಿಂದ ಅವನ ಮೊದಲ ಮಾತೇ ಸುಳ್ಳೆಂದು ತಿಳಿಯಿರಿ. ಇನ್ನೊಬ್ಬನು ಬರಿಯ ಕಾಗದದ ಮೇಲೆ, ಹಣ ತೆಗೆಯುವ ಬ್ಯಾಂಕ್ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ, ಇಲ್ಲವೆ ಮೊಬೈಲಿಗೆ ಬಂದ ಓಟಿಪಿ ಕೇಳುತ್ತಾನೆ. ಅವು ಅವನ ಕೈ ಸೇರಿದರೆ ಖಾತೆಗೆ ಬಂದ ಹಣ ಮನೆಯವರು ನೋಡುವ ಮೊದಲೇ ಹೋಗುತ್ತದೆ. ಮೂರನೆಯವನು ಬೇನೆಯಿಂದ ಸತ್ತವನಿಗೂ ಹಾವು ಕಚ್ಚಿತೆಂದು ಬರೆಯಿಸೋಣ ಎನ್ನುತ್ತಾನೆ. ಸುಳ್ಳು ಹೊರಬಿದ್ದ ದಿನ ಅರ್ಜಿಗೆ ಸಹಿ ಹಾಕಿದ ವಿಧವೆಯ ಮೇಲೆ ಖಟ್ಲೆ ಬರುತ್ತದೆ, ಅವನ ಮೇಲಲ್ಲ.

ಅರ್ಜಿಗೆ ಸರಕಾರಿ ಶುಲ್ಕವಿಲ್ಲ. ಉತಾರದ ನಕಲು, ಛಾಯಾಪ್ರತಿ, ಪ್ರತಿಜ್ಞಾಪತ್ರ ಇವುಗಳ ಖರ್ಚು ಮಾತ್ರ ಬರುತ್ತದೆ. ಕಚೇರಿಯವರೇ ಲಂಚ ಕೇಳಿದರೆ ರಾಜ್ಯದ ಲಂಚ ಪ್ರತಿಬಂಧಕ ವಿಭಾಗಕ್ಕೆ 1064 ಸಂಖ್ಯೆಗೆ ದೂರವಾಣಿ ಮಾಡಬಹುದು. ಮರಾಠಿ ಬರೆಯಲು ತೊಡಕಾದರೆ ಊರ ಶಾಲೆಯಲ್ಲಿ ಕೇಳಿರಿ. ಒಂದು ಅರ್ಜಿ ತುಂಬಿಕೊಡಲು ನಮ್ಮಂಥ ಶಿಕ್ಷಕರಿಗೆ ಅರ್ಧ ತಾಸು ಸಾಕು, ಅದಕ್ಕೆ ಯಾರೂ ಏನನ್ನೂ ಕೊಡಬೇಕಾಗಿಲ್ಲ.