ತಲೆಸುತ್ತಿನ ಒಂದು ತಿಂಗಳು, ಒಂದೇ ಪತ್ರದಲ್ಲಿ

ಬಿಟ್ಟು ಬಿಟ್ಟು ಬರುವ ತಲೆಸುತ್ತು ವೈದ್ಯರ ಎದುರು ಕುಳಿತ ಹೊತ್ತಿಗೆ ಸಾಮಾನ್ಯವಾಗಿ ಇರುವುದೇ ಇಲ್ಲ. ನಾಡಿ ಸರಿ, ಬಿಪಿ ಸರಿ, ಕಿವಿಯೂ ಸರಿ. ಹೀಗಾಗಿ ತಿಂಗಳಿಂದ ಕಾಡುತ್ತಿರುವ ತಲೆಸುತ್ತಿನ ಕಾರಣ ಹುಡುಕಲು ವೈದ್ಯರಿಗಿರುವ ದೊಡ್ಡ ಆಧಾರ ರೋಗಿಯ ಮಾತು. ಆ ಮಾತನ್ನು ಮನೆಯಲ್ಲೇ ಒಂದು ಹಾಳೆಯ ಮೇಲೆ ಬರೆದು ಕುಟುಂಬದ ವೈದ್ಯರಿಗೆ ಕೊಟ್ಟರೆ ಸ್ಕ್ಯಾನಿಂಗ್‌ನಲ್ಲೂ ಕಾಣದ ಸಂಗತಿಗಳು ಅವರ ಕೈಗೆ ಸಿಗುತ್ತವೆ.

ಅನುಭವ ಹೇಗಿತ್ತು ಎಂಬುದನ್ನು ಹೆಚ್ಚಿನವರು ಬಣ್ಣಿಸಿ ಹೇಳುತ್ತಾರೆ: ತಲೆ ತಿರುಗಿತು, ತೇಲಿದ ಹಾಗಾಯಿತು, ಕಣ್ಣು ಕತ್ತಲಿಟ್ಟಿತು. ಒಬ್ಬರೇ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಹೇಳುವುದೂ ಉಂಟು. ಆದ್ದರಿಂದ ಈಗಿನ ವೈದ್ಯರು ಬಣ್ಣನೆಗಿಂತ ಎರಡು ಪ್ರಶ್ನೆಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಪ್ರತಿ ಸಲ ಎಷ್ಟು ಹೊತ್ತು ಇರುತ್ತದೆ? ಏನು ಮಾಡಿದಾಗ ಬರುತ್ತದೆ?

ಒಂದು ಮಾದರಿಯನ್ನು ನೋಡಬಹುದು. ಬರೆಯುವವರು ತಾಲ್ಲೂಕು ಕೇಂದ್ರವೊಂದರಲ್ಲಿರುವ 64 ವರ್ಷದ ನಿವೃತ್ತ ನೌಕರರು ಎಂದಿಟ್ಟುಕೊಳ್ಳೋಣ. ಬಿಪಿಗೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುವವರು. ಅವರ ಪತ್ರದ ಮೊದಲ ಭಾಗ ಹೀಗಿರಬಹುದು:

“ಡಾಕ್ಟರೇ, ಜೂನ್ 3ರ ಬೆಳಗಿನ ಜಾವ ಹಾಸಿಗೆಯಲ್ಲಿ ಬಲ ಮಗ್ಗುಲಿಗೆ ಹೊರಳಿದ ಕೂಡಲೇ ಇಡೀ ಕೋಣೆ ಗಿರ್ರನೆ ತಿರುಗಿತು. ಅರ್ಧ ನಿಮಿಷದಲ್ಲಿ ನಿಂತಿತು. ಓಕರಿಕೆ ಮಾತ್ರ ಮಧ್ಯಾಹ್ನದವರೆಗೂ ಇತ್ತು. ಅಂದಿನಿಂದ ಬಲಕ್ಕೆ ಹೊರಳಿದಾಗ, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿ ಮೇಲೆ ನೋಡಿದಾಗ ಹೀಗೇ ಆಗುತ್ತಿದೆ. ಎಡ ಮಗ್ಗುಲಲ್ಲಿ ಮಲಗಿದರೆ ಬರುವುದಿಲ್ಲ. ಸುಮ್ಮನೆ ಕುಳಿತಿದ್ದರೆ ಏನೂ ಇಲ್ಲ. ಕಿವಿ ಮೊದಲಿನಂತೆಯೇ ಕೇಳುತ್ತದೆ, ಕಿವಿಯಲ್ಲಿ ಮೊರೆತವಿಲ್ಲ.”

ಇಷ್ಟರಲ್ಲಿ ವೈದ್ಯರಿಗೆ ಬೇಕಾದ ಮುಕ್ಕಾಲು ಪಾಲು ವಿಷಯ ಬಂದಿದೆ. ಒಳಕಿವಿಯ ಒಂದು ಭಾಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿರುತ್ತವೆ. ಅವು ಕಳಚಿಕೊಂಡು ಪಕ್ಕದ ಅರ್ಧವೃತ್ತಾಕಾರದ ನಾಳಕ್ಕೆ ಬಿದ್ದರೆ, ತಲೆ ಒಂದು ನಿರ್ದಿಷ್ಟ ದಿಕ್ಕಿಗೆ ವಾಲಿದಾಗಲೆಲ್ಲ ಅಲ್ಲಿನ ದ್ರವವನ್ನು ಕದಡುತ್ತವೆ. ತಲೆ ತಿರುಗುತ್ತಲೇ ಇದೆ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಹರಳು ಕೆಳಗಿಳಿದು ನಿಂತರೆ ಸುತ್ತೂ ನಿಲ್ಲುತ್ತದೆ. ಹಾಗಾಗಿಯೇ ಒಂದು ನಿಮಿಷದೊಳಗೆ ಮುಗಿಯುವುದು, ಹೆಚ್ಚಾಗಿ ಒಂದೇ ಮಗ್ಗುಲಿಗೆ ಬರುವುದು. ಕಿವಿ ಮಂದವಾಗುವುದು, ಮೊರೆಯುವುದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೋಣೆ ತಿರುಗುವುದು ಇದ್ದಿದ್ದರೆ ವೈದ್ಯರ ಯೋಚನೆ ಮೆನಿಯೇರ್ ಕಾಯಿಲೆಯಂಥ ಬೇರೆ ಕಡೆಗೆ ಹೋಗುತ್ತಿತ್ತು. “ಇಲ್ಲ” ಎಂದು ಬರೆದ ಸಾಲುಗಳಿಗೆ ಇರುವ ಬೆಲೆ ಇದು.

ಅವಧಿ ಬರೆಯುವಾಗ ಬಹಳ ಜನ ಎಡವುತ್ತಾರೆ. ಸುತ್ತು ಅರ್ಧ ನಿಮಿಷದ್ದಾದರೂ ಅದರ ಹಿಂದಿನ ಓಕರಿಕೆ, ಅಂಜಿಕೆ, ಹೆಜ್ಜೆ ತಪ್ಪುವ ಭಾವನೆ ಗಂಟೆಗಟ್ಟಲೆ ಇರುತ್ತವೆ. ಎಲ್ಲವನ್ನೂ ಸೇರಿಸಿ “ದಿನವಿಡೀ ತಲೆಸುತ್ತು” ಎಂದು ಬರೆದರೆ ಓದುವವರು ದಾರಿ ತಪ್ಪುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಯಾವ ಬಗೆಯ ತಲೆಸುತ್ತಾದರೂ ತಲೆ ಅಲ್ಲಾಡಿಸಿದರೆ ಹೆಚ್ಚಾಗುತ್ತದೆ. ಏನೂ ಇಲ್ಲದಿದ್ದಾಗ ಹೊರಳಿದ್ದರಿಂದ ಶುರುವಾಯಿತೋ, ಮೊದಲೇ ಇದ್ದದ್ದು ಹೊರಳಿದಾಗ ಜಾಸ್ತಿಯಾಯಿತೋ ಎಂಬುದನ್ನು ಬಿಡಿಸಿ ಬರೆಯಬೇಕು. ಮೊದಲನೆಯದು ಹರಳಿನ ಕಡೆಗೆ ಬೆರಳು ತೋರಿಸುತ್ತದೆ. ಎರಡನೆಯದರ ಹಿಂದೆ ಸಮತೋಲದ ನರದ ಉರಿಯೂತ ಇರಬಹುದು, ಮಿದುಳಿನ ತೊಂದರೆಯೂ ಇರಬಹುದು.

ಪತ್ರದ ಎರಡನೆಯ ಭಾಗದಲ್ಲಿ ಕಥೆ ತಿರುವು ಪಡೆಯುತ್ತದೆ:

“ಜೂನ್ 14ರಿಂದ ಇನ್ನೊಂದು ಥರದ್ದು ಸೇರಿಕೊಂಡಿದೆ. ರಾತ್ರಿ ಮೂತ್ರಕ್ಕೆ ಎದ್ದಾಗ, ದೇವರ ಮುಂದೆ ಕುಳಿತು ಎದ್ದಾಗ ಕಣ್ಣು ಕತ್ತಲಿಡುತ್ತದೆ. ಕೋಣೆ ತಿರುಗುವುದಿಲ್ಲ. ಗೋಡೆ ಹಿಡಿದು ನಿಂತರೆ ಹತ್ತು ಎಣಿಸುವಷ್ಟರಲ್ಲಿ ಸರಿಹೋಗುತ್ತದೆ. ಮಲಗಿದ್ದಾಗ ಒಮ್ಮೆಯೂ ಬಂದಿಲ್ಲ.”

ಒಬ್ಬರಿಗೇ ಎರಡು ಕಾರಣದ ತಲೆಸುತ್ತು ಇರುವುದು ವಯಸ್ಸಾದವರಲ್ಲಿ ಅಪರೂಪವಲ್ಲ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಎರಡೂ ಅರ್ಥವಾಗುವುದಿಲ್ಲ. ಹಾಸಿಗೆಯಲ್ಲಿ ಹೊರಳಿದಾಗ ಬರುವುದು ಕಿವಿಯದು. ಎದ್ದು ನಿಂತಾಗ ಮಾತ್ರ ಬರುವುದು ಹೆಚ್ಚಾಗಿ ರಕ್ತದೊತ್ತಡದ್ದು. ಇದನ್ನು ಮನೆಯಲ್ಲೇ ಅಳೆದು ಬರೆಯಬಹುದು. ಐದು ನಿಮಿಷ ಮಲಗಿ ಬಿಪಿ ನೋಡುವುದು, ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡುವುದು, ಪಕ್ಕದಲ್ಲಿ ಒಬ್ಬರು ನಿಂತಿರುವುದು. ಮಲಗಿದ್ದಾಗ 134/80, ನಿಂತ ಒಂದು ನಿಮಿಷಕ್ಕೆ 108/72 ಎಂದು ಬಂದರೆ ಮೇಲಿನ ಅಂಕಿ 26 ಇಳಿದಿದೆ. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಬೇಕಾದ ಇಳಿತ.

ಇಳಿದದ್ದೇಕೆ ಎಂಬುದಕ್ಕೆ ಉತ್ತರ ಮಾತ್ರೆಗಳ ಪಟ್ಟಿಯಲ್ಲಿದೆ: “ಬೆಳಿಗ್ಗೆ ಆಮ್ಲೊಡಿಪಿನ್ 5 ಮಿಲಿಗ್ರಾಂ, ಆರು ವರ್ಷದಿಂದ. ಮೆಟ್‌ಫಾರ್ಮಿನ್ 500, ದಿನಕ್ಕೆ ಎರಡು. ಜೂನ್ 12ರಿಂದ ಮೂತ್ರದ ತೊಂದರೆಗೆ ಬೇರೆ ಡಾಕ್ಟರು ಕೊಟ್ಟ ಟ್ಯಾಮ್ಸುಲೋಸಿನ್, ರಾತ್ರಿ ಬರಿಹೊಟ್ಟೆಗೆ. ಜೂನ್ 5ರಿಂದ 20ರವರೆಗೆ ಮೆಡಿಕಲ್ ಶಾಪಿನವರು ಕೊಟ್ಟ ಬೀಟಾಹಿಸ್ಟಿನ್ 16, ದಿನಕ್ಕೆ ಮೂರು, ಗುಣ ಕಾಣಲಿಲ್ಲ. ವಾಂತಿ ಬಂದಂತಾದಾಗ ಸ್ಟೆಮೆಟಿಲ್, ಒಟ್ಟು ನಾಲ್ಕು.”

ತಾರೀಖುಗಳನ್ನು ಜೋಡಿಸಿದರೆ ಸಾಕು. ಪ್ರಾಸ್ಟೇಟಿಗೆಂದು ಕೊಡುವ ಟ್ಯಾಮ್ಸುಲೋಸಿನ್ ರಕ್ತನಾಳಗಳನ್ನೂ ಸಡಿಲಿಸಬಲ್ಲದು. ಊಟವಾದ ಅರ್ಧ ಗಂಟೆಗೆ ತೆಗೆದುಕೊಳ್ಳಬೇಕಾದ ಆ ಮಾತ್ರೆಯನ್ನು ಬರಿಹೊಟ್ಟೆಗೆ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಜೊತೆಗೆ ಬಿಪಿ ಮಾತ್ರೆಯೂ ಇದೆ. ಮಾತ್ರೆ ಶುರುವಾದ ಎರಡು ದಿನಕ್ಕೆ ಕಣ್ಣು ಕತ್ತಲಿಡುವುದು ಆರಂಭವಾಗಿದೆ. ಹಾಗೆಂದು ರೋಗಿ ತಾನಾಗಿಯೇ ಯಾವುದನ್ನೂ ನಿಲ್ಲಿಸಬಾರದು. ಹೊತ್ತು ಬದಲಿಸುವುದೋ, ಪ್ರಮಾಣ ಇಳಿಸುವುದೋ, ಬೇರೆ ಮಾತ್ರೆಯೋ ಎಂಬುದು ವೈದ್ಯರ ತೀರ್ಮಾನ.

ಅಂಗಡಿಯಿಂದ ತಂದ ಮಾತ್ರೆಗಳನ್ನು ಸಂಕೋಚದಿಂದ ಬಿಟ್ಟು ಬರೆಯುವವರೇ ಹೆಚ್ಚು. ಅವನ್ನಂತೂ ಬರೆಯಲೇಬೇಕು. ಹರಳನ್ನು ಸ್ವಸ್ಥಾನಕ್ಕೆ ಸೇರಿಸುವ ಮಾತ್ರೆ ಯಾವುದೂ ಇಲ್ಲ. ಸ್ಟೆಮೆಟಿಲ್, ಸಿನ್ನರಿಜಿನ್‌ಗಳನ್ನು ತಿಂಗಳುಗಟ್ಟಲೆ ನುಂಗಿದರೆ ವಯಸ್ಸಾದವರಲ್ಲಿ ಕೈನಡುಕ, ಮೈ ಬಿಗಿತ ಬರಬಹುದು. ಸಮತೋಲ ತಾನಾಗಿ ಸುಧಾರಿಸುವುದೂ ನಿಧಾನವಾಗುತ್ತದೆ. “ಪಿತ್ತ”, “ಕತ್ತಿನ ಸವೆತ” ಎಂಬ ತೀರ್ಪುಗಳಿಗೆ ಮಾತ್ರ ಪತ್ರದಲ್ಲಿ ಜಾಗ ಬೇಡ. ಅರವತ್ತು ದಾಟಿದವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣುವುದು ಸಾಮಾನ್ಯ, ಅದರಿಂದ ತಲೆಸುತ್ತಿನ ಕಾರಣ ಸಾಬೀತಾಗುವುದಿಲ್ಲ.

ಇಂಥ ಪತ್ರ ಓದಿದ ವೈದ್ಯರು ರೋಗಿಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ ಕಣ್ಣುಗಳನ್ನು ನೋಡುತ್ತಾರೆ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಬ್ರಿಟಿಷ್ ವೈದ್ಯರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಕೆಲವು ಸೆಕೆಂಡು ತಡೆದು ಕಣ್ಣುಗುಡ್ಡೆ ಹೊರಳುತ್ತಾ ಅದುರಿದರೆ ಹರಳಿನ ಸಂಶಯ ಖಚಿತವಾಗುತ್ತದೆ. ಆಗ ಅಲ್ಲೇ ತಲೆಯನ್ನು ಹಂತ ಹಂತವಾಗಿ ಹೊರಳಿಸಿ ಹರಳನ್ನು ನಾಳದಿಂದ ಹೊರತರುವ ಎಪ್ಲಿ ವಿಧಾನ ಮಾಡಬಹುದು. ಅನೇಕರಿಗೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ಕೆಲವರಿಗೆ ತಿಂಗಳು, ವರ್ಷಗಳ ಮೇಲೆ ಮರುಕಳಿಸುತ್ತದೆ. ತಲೆಸುತ್ತು ಅಡಗಿಸುವ ಮಾತ್ರೆಯ ಪ್ರಭಾವವಿದ್ದರೆ ಕಣ್ಣಿನ ಅದುರುವಿಕೆ ಮಸುಕಾಗಬಹುದು. ಆದ್ದರಿಂದ ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡದ್ದು ಎಂಬುದೂ ಪತ್ರದಲ್ಲಿರಲಿ.

ಪತ್ರ ಬರೆಯುತ್ತಾ ಕೂರಬಾರದ ತಲೆಸುತ್ತೂ ಇದೆ. ಅದರೊಂದಿಗೆ ಮಾತು ತೊದಲಿದರೆ, ವಸ್ತುಗಳು ಎರಡೆರಡಾಗಿ ಕಂಡರೆ, ಮುಖ ಅಥವಾ ಕೈಕಾಲು ಒಂದು ಪಕ್ಕ ಸೋತರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ, ಹಿಂದೆಂದೂ ಬಾರದಂಥ ತಲೆನೋವು, ಎದೆನೋವು ಬಂದರೆ ಅಥವಾ ಎಚ್ಚರ ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಒಂದು ಕಿವಿ ದಿಢೀರನೆ ಕೇಳಿಸದಂತಾದರೆ ಅಂದೇ ಕಿವಿಯ ತಜ್ಞರನ್ನು ಕಾಣಬೇಕು. ಅದರ ಚಿಕಿತ್ಸೆಗೆ ಇರುವ ಕಾಲಾವಕಾಶ ಕೆಲವೇ ದಿನಗಳದ್ದು.