ಸಣ್ಣ ಷೇರುದಾರ ಸಹಿಗೆ ಮುನ್ನ ಓದಬೇಕಾದ ಮೂರು ಷರತ್ತುಗಳು

ಸ್ಟಾರ್ಟಪ್‌ ಕಂಪನಿಯ ಷೇರನ್ನು ಷೇರುಪೇಟೆಯಲ್ಲಿ ಬೇಕೆಂದಾಗ ಮಾರಲು ಬರುವುದಿಲ್ಲ. ಶೇ 10ರಷ್ಟು ಪಾಲು ಇರುವವನು ಸಭೆಯಲ್ಲಿ ಮತ ಹಾಕಿ ಏನನ್ನೂ ತಡೆಯಲಾರ. ಕಂಪನಿಗೆ ಹೊಸಬರು ಬರುವಾಗ, ಹಳಬರು ಹೊರಡುವಾಗ, ಇಡೀ ಕಂಪನಿಯೇ ಮಾರಾಟವಾಗುವಾಗ ಅವನ ಹಣಕ್ಕೆ ಏನಾಗುತ್ತದೆ ಎಂಬುದನ್ನು ಷೇರುದಾರರ ಒಪ್ಪಂದದ ಮೂರು ಷರತ್ತುಗಳು ನಿರ್ಧರಿಸುತ್ತವೆ. ಅವು ಪ್ರಿ-ಎಂಪ್ಷನ್, ಟ್ಯಾಗ್-ಅಲಾಂಗ್ ಮತ್ತು ಡ್ರ್ಯಾಗ್-ಅಲಾಂಗ್.

ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಂಡರೆ ಮೂರೂ ಸುಲಭವಾಗಿ ತಿಳಿಯುತ್ತವೆ. ಅದರ ಒಟ್ಟು ಷೇರು 10,000. ಸ್ಥಾಪಕರ ಬಳಿ 6,000, ಒಂದು ವೆಂಚರ್ ಫಂಡ್ ಬಳಿ 3,000, ಒಬ್ಬ ಸಣ್ಣ ಹೂಡಿಕೆದಾರನ ಬಳಿ 1,000.

ಮೊದಲು ಕೊಳ್ಳುವ ಹಕ್ಕು

ಕಂಪನಿ ಹೊಸ ಷೇರು ಹಂಚುವಾಗ ಈಗಿನ ಷೇರುದಾರರಿಗೆ ಅವರವರ ಪಾಲಿನಷ್ಟನ್ನು ಮೊದಲು ನೀಡಬೇಕು ಎಂಬುದು ಪ್ರಿ-ಎಂಪ್ಷನ್. ಈ ಹಕ್ಕಿನ ಬೆಲೆ ಗೊತ್ತಾಗುವುದು ಹೊಸ ಷೇರು ಅಗ್ಗಕ್ಕೆ ಹೋದಾಗ.

ಕಂಪನಿಯ ಒಂದು ಷೇರಿನ ನಿಜವಾದ ಬೆಲೆ ₹2,000 ಇದೆ, ಅಂದರೆ ಇಡೀ ಕಂಪನಿಯ ಬೆಲೆ ₹2 ಕೋಟಿ ಎನ್ನೋಣ. ಈಗ 2,500 ಹೊಸ ಷೇರುಗಳನ್ನು ₹800ರಂತೆ ಸ್ಥಾಪಕರ ಪರಿಚಯದವರಿಗೆ ಕೊಡಲಾಗುತ್ತದೆ. ಕಂಪನಿಗೆ ₹20 ಲಕ್ಷ ಬರುತ್ತದೆ. ಒಟ್ಟು ಬೆಲೆ ₹2.2 ಕೋಟಿಯಾದರೂ ಷೇರುಗಳು 12,500 ಆದ್ದರಿಂದ ಒಂದೊಂದರ ಬೆಲೆ ₹1,760ಕ್ಕೆ ಇಳಿಯುತ್ತದೆ. ಸಣ್ಣ ಹೂಡಿಕೆದಾರನ ಪಾಲು ಶೇ 10ರಿಂದ 8ಕ್ಕೆ ಕುಗ್ಗುವುದಲ್ಲದೆ, ಅವನು ಕೈಯಾಡಿಸದೆಯೇ ₹2.4 ಲಕ್ಷ ಕರಗಿರುತ್ತದೆ. ಪ್ರಿ-ಎಂಪ್ಷನ್ ಹಕ್ಕು ಇದ್ದಿದ್ದರೆ ಹೊಸ ಷೇರಿನಲ್ಲಿ 250ನ್ನು ಅದೇ ₹800ರ ದರದಲ್ಲಿ, ₹2 ಲಕ್ಷ ಕೊಟ್ಟು ಅವನು ಕೊಳ್ಳಬಹುದಿತ್ತು. ಆಗ ಅವನ 1,250 ಷೇರುಗಳ ಬೆಲೆ ₹22 ಲಕ್ಷ. ಹೊಸದಾಗಿ ಹಾಕಿದ ₹2 ಲಕ್ಷ ಕಳೆದರೆ ಹಳೆಯ ₹20 ಲಕ್ಷ ಹಾಗೆಯೇ ಉಳಿಯುತ್ತದೆ. ಆದರೆ ಹಕ್ಕು ಚಲಾಯಿಸಲು ಕೈಯಲ್ಲಿ ಹಣ ಇರಬೇಕು. ಇಲ್ಲದವನಿಗೆ ಈ ಷರತ್ತು ಕಾಗದದ ಮೇಲಷ್ಟೇ ಉಳಿಯುತ್ತದೆ.

ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 62ನೇ ಸೆಕ್ಷನ್ ಈ ಹಕ್ಕನ್ನು ಹೇಗೂ ಕೊಡುತ್ತದೆ. ಆದರೆ ವಿಶೇಷ ನಿರ್ಣಯ ಮಾಡಿ ಹೊರಗಿನವರಿಗೆ ಷೇರು ಕೊಡಲೂ ಅದೇ ಸೆಕ್ಷನ್ ದಾರಿ ಬಿಟ್ಟಿದೆ. ವಿಶೇಷ ನಿರ್ಣಯಕ್ಕೆ ವಿರೋಧದ ಮತಗಳ ಮೂರು ಪಟ್ಟು ಪರವಾದ ಮತ ಸಾಕು. ನಮ್ಮ ಉದಾಹರಣೆಯಲ್ಲಿ ಸ್ಥಾಪಕರೂ ಫಂಡೂ ಒಂದಾದರೆ ಶೇ 90 ಮತ ಅವರದೇ. ಇಂಥ ಹಂಚಿಕೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು ನಿಜ, ಆದರೆ ಎಳೆಯ ಕಂಪನಿಯ ಬೆಲೆಯನ್ನು ಹಿಗ್ಗಿಸಲು, ಕುಗ್ಗಿಸಲು ಬೇಕಾದಷ್ಟು ಅವಕಾಶ ಇರುತ್ತದೆ. ಆದ್ದರಿಂದಲೇ ಒಪ್ಪಂದದಲ್ಲಿ ಈ ಹಕ್ಕನ್ನು ಬೇರೆಯಾಗಿ ಬರೆಸಿಕೊಳ್ಳುವುದು.

ಜೊತೆಗೆ ಮಾರುವ ಹಕ್ಕು

ಸ್ಥಾಪಕರು ತಮ್ಮ ಷೇರು ಮಾರಿ ಹೊರಟರೆ ಸಣ್ಣ ಹೂಡಿಕೆದಾರ ಗುರುತಿಲ್ಲದ ಹೊಸ ಮಾಲೀಕನ ಜೊತೆ ಉಳಿದುಬಿಡುತ್ತಾನೆ. ಹಾಗಾಗದಂತೆ, ಅದೇ ಕೊಳ್ಳುವವನಿಗೆ ಅದೇ ಬೆಲೆಗೆ ತನ್ನ ಷೇರನ್ನೂ ಮಾರುವ ಅವಕಾಶವೇ ಟ್ಯಾಗ್-ಅಲಾಂಗ್.

ಸ್ಥಾಪಕರು 5,000 ಷೇರುಗಳನ್ನು ₹5,000ದಂತೆ ಮಾರಲು ಹೊರಟಿದ್ದಾರೆ ಎನ್ನೋಣ. ಕೊಳ್ಳುವವನಿಗೆ ಬೇಕಿರುವುದು 5,000 ಷೇರು ಮಾತ್ರ. ಫಂಡ್ ಮತ್ತು ಸಣ್ಣ ಹೂಡಿಕೆದಾರ ಇಬ್ಬರೂ ಟ್ಯಾಗ್ ಚಲಾಯಿಸಿದರೆ ಎಲ್ಲರೂ ತಮ್ಮ ಅರ್ಧ ಪಾಲನ್ನು ಮಾರುತ್ತಾರೆ: ಸ್ಥಾಪಕರು 3,000, ಫಂಡ್ 1,500, ಸಣ್ಣ ಹೂಡಿಕೆದಾರ 500. ಅವನಿಗೆ ₹25 ಲಕ್ಷ ಸಿಗುತ್ತದೆ. ಆದರೆ ಉಳಿದ 500 ಷೇರುಗಳು ಅಲ್ಲೇ ಸಿಕ್ಕಿಕೊಂಡಿರುತ್ತವೆ. ಆದ್ದರಿಂದ ಕಂಪನಿಯ ಹಿಡಿತವೇ ಕೈ ಬದಲಾಗುವ ಮಾರಾಟದಲ್ಲಿ ಪಾಲಿನಷ್ಟಲ್ಲ, ಎಲ್ಲ ಷೇರುಗಳನ್ನೂ ಮಾರಲು ಅವಕಾಶವಿರಬೇಕು. ಅನುಭವಿ ಹೂಡಿಕೆದಾರರು ಕೇಳುವುದು ಈ ಪೂರ್ಣ ಟ್ಯಾಗ್ ಅನ್ನೇ.

ಟ್ಯಾಗ್ ತಪ್ಪಿಸುವ ದಾರಿಗಳೂ ಇವೆ. ಕೊಳ್ಳುವವನು ಷೇರಿಗೆ ಕಡಿಮೆ ಬೆಲೆ ತೋರಿಸಿ, ಉಳಿದದ್ದನ್ನು ಸ್ಥಾಪಕರಿಗೆ ಸಲಹಾ ಶುಲ್ಕವಾಗಿಯೋ ಪೈಪೋಟಿಗೆ ಇಳಿಯದಿರಲು ಕೊಡುವ ಹಣವಾಗಿಯೋ ಪಾವತಿಸಬಹುದು. ಸ್ಥಾಪಕರು ತಮ್ಮ ಷೇರನ್ನು ಮೊದಲು ತಮ್ಮದೇ ಇನ್ನೊಂದು ಕಂಪನಿಗೆ ವರ್ಗಾಯಿಸಿ, ಆಮೇಲೆ ಆ ಕಂಪನಿಯನ್ನು ಮಾರಬಹುದು. ಬೆಲೆ ಎಂದರೆ ಯಾವ ರೂಪದಲ್ಲಿ ಬಂದ ಹಣವೂ ಸೇರಿದ್ದು, ಮಾರಾಟ ಎಂದರೆ ಪರೋಕ್ಷ ಮಾರಾಟವೂ ಹೌದು ಎಂದು ಷರತ್ತಿನಲ್ಲಿ ಬರೆದಿದ್ದರೆ ಈ ಎರಡು ಕಂಡಿಗಳೂ ಮುಚ್ಚುತ್ತವೆ.

ಎಳೆದೊಯ್ಯುವ ಹಕ್ಕು

ಡ್ರ್ಯಾಗ್-ಅಲಾಂಗ್ ಇದರ ಇನ್ನೊಂದು ಮುಖ. ಇಲ್ಲಿ ಹಕ್ಕು ದೊಡ್ಡವರದು, ಮಾರಬೇಕಾದ ಕಟ್ಟುಪಾಡು ಸಣ್ಣವನದು. ಇಡೀ ಕಂಪನಿ ಬೇಕೆನ್ನುವ ಖರೀದಿದಾರ ಬಂದಾಗ ಒಬ್ಬ ಸಣ್ಣ ಷೇರುದಾರ ಹಠ ಹಿಡಿದು ವ್ಯವಹಾರ ಕೆಡಿಸದಿರಲಿ ಎಂಬುದು ಇದರ ಉದ್ದೇಶ. ಹೆಚ್ಚಿನ ಒಪ್ಪಂದಗಳಲ್ಲಿ ಡ್ರ್ಯಾಗ್ ಶುರುವಾದೊಡನೆ ಉಳಿದವರ ಮೊದಲು ಕೊಳ್ಳುವ ಹಕ್ಕು ನಿಂತುಹೋಗುತ್ತದೆ.

ಅಪಾಯ ಅಡಗಿರುವುದು ಹಣ ಹಂಚುವ ಕ್ರಮದಲ್ಲಿ. ಫಂಡ್ ₹3 ಕೋಟಿ ಹೂಡಿದೆ, ಮಾರಾಟದ ಹಣದಲ್ಲಿ ಮೊದಲು ಅಷ್ಟನ್ನು ತೆಗೆದುಕೊಳ್ಳುವ ಆದ್ಯತೆ ಅದಕ್ಕಿದೆ, ಸಣ್ಣ ಹೂಡಿಕೆದಾರನ ಬಳಿ ಇರುವುದು ಸಾಮಾನ್ಯ ಷೇರು ಎಂದುಕೊಳ್ಳೋಣ. ಕಂಪನಿ ₹3.7 ಕೋಟಿಗೆ ಮಾರಾಟವಾಗುತ್ತದೆ. ಶೇ 10 ಪಾಲಿಗೆ ₹37 ಲಕ್ಷ ಬರಬೇಕೆಂದು ಅವನು ಲೆಕ್ಕ ಹಾಕಿದ್ದರೆ ಅದು ತಪ್ಪು. ಫಂಡ್ ₹3 ಕೋಟಿ ಪಡೆದ ಮೇಲೆ ಉಳಿಯುವುದು ₹70 ಲಕ್ಷ. ಅದು 7,000 ಷೇರುಗಳಿಗೆ ಹಂಚಿಕೆಯಾಗಿ ಷೇರಿಗೆ ₹1,000 ಬರುತ್ತದೆ. ಅವನ ಕೈಗೆ ಸಿಗುವುದು ₹10 ಲಕ್ಷ. ‘ಎಲ್ಲರಿಗೂ ಒಂದೇ ಷರತ್ತು’ ಎಂಬ ಸಾಲು ಒಪ್ಪಂದದಲ್ಲಿ ಇದ್ದರೂ, ‘ಆದ್ಯತೆಗೆ ಒಳಪಟ್ಟು’ ಎಂಬ ಎರಡು ಪದ ಅದರ ಅರ್ಥವನ್ನೇ ಬದಲಿಸುತ್ತವೆ.

ಹೀಗಾಗಿ ಡ್ರ್ಯಾಗ್ ಷರತ್ತನ್ನು ಒಪ್ಪುವಾಗ ಕಡಿಮೆ ಎಂದರೆ ಇಷ್ಟು ಬೆಲೆ ಬಂದರೆ ಮಾತ್ರ ಎಂಬ ಮಿತಿ ಕೇಳುವುದು ಜಾಣತನ. ಮಾರಾಟ ಸ್ಥಾಪಕರ ಸಂಬಂಧಿಕರಿಗೋ ಅವರದೇ ಕಂಪನಿಗೋ ಆಗಬಾರದು. ಸಣ್ಣ ಹೂಡಿಕೆದಾರ ಭರವಸೆ ಕೊಡಬೇಕಾದ್ದು ಷೇರು ತನ್ನದೇ, ಅದರ ಮೇಲೆ ಸಾಲವಿಲ್ಲ ಎಂಬಷ್ಟಕ್ಕೆ ಮಾತ್ರ. ಕಂಪನಿಯ ತೆರಿಗೆಗೋ ಕೋರ್ಟು ಕೇಸಿಗೋ ಅವನು ಹೊಣೆಯಾಗಬಾರದು. ಹೊಣೆ ಬಂದರೂ ಅದು ಅವನ ಕೈಗೆ ಸೇರಿದ ಹಣವನ್ನು ಮೀರಬಾರದು.

ನಿಯಮಾವಳಿಯಲ್ಲಿ ಇದೆಯೇ?

ಒಪ್ಪಂದ ಚೆನ್ನಾಗಿದ್ದರೂ ಹಕ್ಕು ಸೋಲಬಹುದು. ರಂಗರಾಜ್ ಪ್ರಕರಣ ಎಂದೇ ಹೆಸರಾದ ತೀರ್ಪು 1992ರ ಕಾನೂನು ವರದಿಗಳಲ್ಲಿದೆ. ಒಂದು ಕುಟುಂಬದ ಕಂಪನಿಯಲ್ಲಿ ಎರಡು ಕವಲಿನವರು ಸಮಾನವಾಗಿ ಷೇರು ಇಟ್ಟುಕೊಳ್ಳಬೇಕು, ಮಾರುವುದಾದರೆ ಮೊದಲು ತಮ್ಮ ಕವಲಿನವರಿಗೇ ಕೊಡಬೇಕು ಎಂದು ತಮ್ಮೊಳಗೇ ಒಪ್ಪಿಕೊಂಡಿದ್ದರು. ಒಬ್ಬ ಸದಸ್ಯ ಇನ್ನೊಂದು ಕವಲಿಗೆ ಮಾರಿದ. ಆ ನಿರ್ಬಂಧ ಕಂಪನಿಯ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲಿ, ಅಂದರೆ ನಿಯಮಾವಳಿಯಲ್ಲಿ ಇಲ್ಲದ ಕಾರಣ ಅದು ಕಂಪನಿಯನ್ನೂ ಷೇರುದಾರರನ್ನೂ ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಈ ಕಾರಣದಿಂದ ಮೂರೂ ಷರತ್ತುಗಳನ್ನು ಒಪ್ಪಂದಕ್ಕೆ ಸಹಿ ಬೀಳುವಾಗಲೇ ನಿಯಮಾವಳಿಗೂ ಸೇರಿಸಬೇಕು. ಅದನ್ನು ವಿಶೇಷ ನಿರ್ಣಯದಿಂದ ಮತ್ತೆ ತಿದ್ದಲು ಬರುತ್ತದೆಯಾದ್ದರಿಂದ, ಈ ಷರತ್ತುಗಳನ್ನು ಬದಲಿಸಲು ಸಣ್ಣ ಹೂಡಿಕೆದಾರನ ಒಪ್ಪಿಗೆಯೂ ಬೇಕು ಎಂದು ಅದರಲ್ಲಿಯೇ ಬರೆಸುವುದಕ್ಕೆ ಕಾಯ್ದೆಯ 5ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಿಯಮಾವಳಿ ಗುಟ್ಟಿನ ಕಾಗದವಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅದರ ಪ್ರತಿಯನ್ನು ನೋಡಬಹುದು. ಹೂಡಿಕೆಯ ಹಣ ಕಳಿಸುವ ಮುನ್ನ ಒಪ್ಪಂದವನ್ನೂ ನಿಯಮಾವಳಿಯನ್ನೂ ಅಕ್ಕಪಕ್ಕ ಇಟ್ಟು, ಸಾಲಿಗೆ ಸಾಲು ಹೋಲಿಸಿ ಓದಬೇಕು.